ಪುಟದ ಟೈಟಲ್ ಬೇರೆ, ಜಾಹೀರಾತಿನ ಟೈಟಲ್ ಬೇರೆ: ಒಂದು ಇಳಕಲ್ ಸೀರೆ ಅಂಗಡಿಯ ಪ್ರಕರಣ

ಉತ್ತರ ಕರ್ನಾಟಕದ ಒಂದು ಸಣ್ಣ ಸೀರೆ ಅಂಗಡಿಯ ಕಥೆ ಇದು. ಅಂಗಡಿಯ ಹೆಸರು, ಊರು ಹೇಳುವುದಿಲ್ಲ, ಸೀರೆಗಳ ಹೆಸರನ್ನೂ ಬದಲಿಸಿದ್ದೇನೆ. ಮಾಲಕಿ ಇಳಕಲ್ ಸುತ್ತಮುತ್ತಲಿನ ನೇಕಾರರಿಂದ ನೇರವಾಗಿ ಮಾಲು ತರುತ್ತಾರೆ, ಸ್ವಂತ ವೆಬ್‌ಸೈಟಿನಲ್ಲಿ ಮಾರುತ್ತಾರೆ. ಸುಮಾರು 300 ಸೀರೆ. ಗೂಗಲ್ ಶಾಪಿಂಗ್ ಜಾಹೀರಾತು ಶುರು ಮಾಡಿದ್ದರು. ದುಡ್ಡು ಖರ್ಚಾಗುತ್ತಿತ್ತು, ಆರ್ಡರ್ ಬರುತ್ತಿರಲಿಲ್ಲ. ಅವರ ಉತ್ಪನ್ನ ಫೀಡ್ ನೋಡಿಕೊಡಿ ಎಂದು ನನ್ನನ್ನು ಕರೆದಾಗ ಈ ಕೆಲಸ ಶುರುವಾಯಿತು.

ಫೀಡ್ ಅಂದರೆ ಪ್ರತಿ ಸೀರೆಯ ಐಡಿ, ಟೈಟಲ್, ಬೆಲೆ, ಫೋಟೋ, ಲಿಂಕ್ ಇರುವ ಪಟ್ಟಿ. ಅದು ಗೂಗಲ್ ಮರ್ಚೆಂಟ್ ಸೆಂಟರ್‌ಗೆ ಹೋಗುತ್ತದೆ. ಶಾಪಿಂಗ್ ಜಾಹೀರಾತಿನಲ್ಲಿ ನಾವು ಕೀವರ್ಡ್ ಕೊಡುವುದಿಲ್ಲ, ಇದನ್ನು ಮೊದಲು ತಿಳಿದುಕೊಳ್ಳಬೇಕು. ಯಾರು ಏನು ಹುಡುಕಿದಾಗ ಯಾವ ಸೀರೆ ತೋರಿಸಬೇಕು ಅನ್ನುವುದನ್ನು ಗೂಗಲ್ ಈ ಪಟ್ಟಿ ನೋಡಿಯೇ ತೀರ್ಮಾನಿಸುತ್ತದೆ. ಅದರಲ್ಲಿ ಟೈಟಲ್‌ಗೆ ತೂಕ ಜಾಸ್ತಿ.

ಮೊದಲು ಏನಿತ್ತು

ಮಾಲಕಿಗೆ ತಮ್ಮ ಸೀರೆಗಳ ಮೇಲೆ ತುಂಬಾ ಅಕ್ಕರೆ. ಒಂದೊಂದಕ್ಕೂ ನದಿಯ ಹೆಸರಿಟ್ಟಿದ್ದರು: ಮಲಪ್ರಭಾ, ಘಟಪ್ರಭಾ, ತುಂಗಾ, ಶರಾವತಿ. ವೆಬ್ ಪುಟದಲ್ಲಿ ಅದು ಚೆನ್ನಾಗಿಯೇ ಕಾಣುತ್ತಿತ್ತು. ಪುಟಕ್ಕೆ ಬಂದವರಿಗೆ ಮೇಲುಗಡೆ "ಇಳಕಲ್ ಸೀರೆಗಳು" ಎಂಬ ವಿಭಾಗ ಕಾಣುತ್ತದೆ, ದೊಡ್ಡ ಫೋಟೋ ಇರುತ್ತದೆ, ಕೆಳಗೆ ವಿವರ ಇರುತ್ತದೆ. ಅಲ್ಲಿ ಟೈಟಲ್ ಒಂದೇ ಎಲ್ಲವನ್ನೂ ಹೇಳಬೇಕಿಲ್ಲ.

ತೊಂದರೆ ಬಂದದ್ದು ಆ್ಯಪ್‌ನಿಂದ. ಫೀಡ್ ಕಳಿಸುವ ಆ್ಯಪ್ ಪುಟದ ಎಸ್‌ಇಒ ಟೈಟಲನ್ನೇ, ಅಂದರೆ ಗೂಗಲ್ ಹುಡುಕಾಟದಲ್ಲಿ ಕಾಣಲೆಂದು ಬರೆದ ಟೈಟಲನ್ನೇ, ಎತ್ತಿಕೊಂಡು ಹೋಗುತ್ತಿತ್ತು. ಒಂದು ಸೀರೆಯ ಟೈಟಲ್ ಹೀಗಿತ್ತು:

```
Malaprabha - Timeless Elegance for Every Occasion
```

ಇದರ ಹಿಂದೆ ಒಂದು ಗೆರೆ, Buy Online, ಆಮೇಲೆ ಅಂಗಡಿಯ ಹೆಸರು. ಮೇಲಿನ ಭಾಗವನ್ನು ಎಣಿಸಿದರೆ 49 ಅಕ್ಷರ, ನಡುವಿನ ಜಾಗವೂ ಸೇರಿ. ಆ 49ರಲ್ಲಿ ಇಳಕಲ್ ಇಲ್ಲ, ಸೀರೆ ಇಲ್ಲ, ಹತ್ತಿಯೋ ರೇಷ್ಮೆಯೋ ಇಲ್ಲ, ಬಣ್ಣವೂ ಇಲ್ಲ. ಗೂಗಲ್‌ಗೆ ಇದು ಸೀರೆ ಎಂದು ಗೊತ್ತಾಗುತ್ತಿದ್ದದ್ದು ವಿವರಣೆ ಮತ್ತು ಉತ್ಪನ್ನ ವರ್ಗದಿಂದ ಇರಬೇಕು. ಯಾಕೆಂದರೆ ಹುಡುಕಾಟದ ವರದಿ ತೆಗೆದು ನೋಡಿದರೆ ಬರೀ ಸಾಮಾನ್ಯ ಪದಗಳೇ ಇದ್ದವು. ಸುಮ್ನೆ "ಸೀರೆ ಆನ್‌ಲೈನ್", "ಪಾರ್ಟಿ ಸೀರೆ" ಎಂದು ಹುಡುಕಿದವರಿಗೆ ಈ ಸೀರೆ ತೋರುತ್ತಿತ್ತು. ಅವರಲ್ಲಿ ಕೆಲವರು ಕ್ಲಿಕ್ ಮಾಡುತ್ತಿದ್ದರು, ನೋಡಿ ಹೋಗುತ್ತಿದ್ದರು. ಇಳಕಲ್ ಸೀರೆಯೇ ಬೇಕು ಎಂದು ಹುಡುಕಿದವರಿಗೆ ಇದು ತೋರುತ್ತಿದ್ದದ್ದು ಕಡಿಮೆ.

ಇದು ಈ ಅಂಗಡಿಯೊಂದರ ಕಥೆಯಲ್ಲ. ಪುಟದ ಟೈಟಲ್ ಬರೆಯುವವರು ಗೂಗಲ್ ಹುಡುಕಾಟದ ನೀಲಿ ಸಾಲನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಾರೆ. ಅಲ್ಲಿ ಫೋಟೋ, ಬೆಲೆ ಇರುತ್ತದೆ ಅನ್ನುವ ಖಾತ್ರಿ ಇಲ್ಲ, ಸಾಲು ಪರದೆಯ ಅಗಲಕ್ಕೆ ತಕ್ಕಂತೆ ಕತ್ತರಿಸಿಹೋಗುತ್ತದೆ, ಕೊನೆಗೆ ಅಂಗಡಿಯ ಹೆಸರು ಇದ್ದರೆ ನಂಬಿಕೆ ಬರುತ್ತದೆ. ಶಾಪಿಂಗ್ ಜಾಹೀರಾತಿನಲ್ಲಿ ಪಕ್ಕದಲ್ಲೇ ಫೋಟೋ, ಬೆಲೆ, ಅಂಗಡಿಯ ಹೆಸರು ಮೂರೂ ತಾವಾಗಿಯೇ ಬರುತ್ತವೆ. ಅಂದಮೇಲೆ ಅಂಗಡಿಯ ಹೆಸರನ್ನು ಟೈಟಲ್‌ನಲ್ಲಿ ಮತ್ತೆ ಹಾಕಿದರೆ ಜಾಗ ದಂಡ.

ಮೊದಲ ಪ್ರಯತ್ನ: ಎಲ್ಲವನ್ನೂ ತುರುಕುವುದು

ನಾನು ಬರುವ ಹೊತ್ತಿಗೆ ಅವರೇ ಒಂದು ಪ್ರಯತ್ನ ಶುರು ಮಾಡಿದ್ದರು. ಫೀಡ್ ಟೈಟಲ್‌ಗೆ ಗೂಗಲ್ ಕೊಡುವ ಮಿತಿ 150 ಅಕ್ಷರ. ಜಾಗ ಇದೆಯಲ್ವಾ ಎಂದು ಅಷ್ಟನ್ನೂ ತುಂಬಿಸಲು ಹೊರಟಿದ್ದರು:

```
Handloom Traditional Karnataka Ilkal Saree for Women Wedding Festival Party Wear with Blouse Piece Cotton Art Silk Chikki Paras Border Maroon
```

ಇದು 141 ಅಕ್ಷರ. ನಿಯಮದ ಒಳಗೇ ಇದೆ. ಆದರೆ 150 ಅನ್ನುವುದು ಬರೆಯಲು ಸಿಗುವ ಜಾಗ, ಕಾಣುವ ಜಾಗವಲ್ಲ. ಜಾಹೀರಾತಿನಲ್ಲಿ ಸಾಮಾನ್ಯವಾಗಿ ಮೊದಲ 70 ಅಕ್ಷರ, ಇಲ್ಲವೇ ಅದಕ್ಕಿಂತ ಕಡಿಮೆ ಕಾಣುತ್ತದೆ. ಆ 70ಕ್ಕೆ ಕತ್ತರಿ ಹಾಕಿದರೆ ಮೇಲಿನ ಟೈಟಲ್ Festival ಅನ್ನುವಲ್ಲಿಗೆ ನಿಲ್ಲುತ್ತದೆ. ಹತ್ತಿಯದು ಅನ್ನುವ ಮಾತು ಶುರುವಾಗುವುದೇ 100ನೇ ಅಕ್ಷರದಿಂದ. ಬಣ್ಣ 136ರಿಂದ. ಹಾಗಾಗಿ ಬದಲಿಸಿದ ಸೀರೆಗಳೆಲ್ಲ ಪರದೆಯ ಮೇಲೆ ಒಂದೇ ಹೆಸರಿನಲ್ಲಿ ಕಾಣುತ್ತಿದ್ದವು. ಫೋಟೋ ಮಾತ್ರ ಬೇರೆ.

ಕಾಣದ ಭಾಗ ಪೂರ್ತಿ ವ್ಯರ್ಥ ಎಂದಲ್ಲ. ಹುಡುಕಾಟಕ್ಕೆ ಹೊಂದಿಸುವಾಗ ಗೂಗಲ್ ಇಡೀ ಟೈಟಲನ್ನು ಓದುತ್ತದೆ. ಆದರೆ ಕ್ಲಿಕ್ ಮಾಡಬೇಕೋ ಬೇಡವೋ ಎಂದು ನಿರ್ಧರಿಸುವ ಮನುಷ್ಯ ಮೊದಲ ತುಂಡನ್ನು ಮಾತ್ರ ಓದುತ್ತಾನೆ. ನಮ್ಮ ಹಣ ಹೋಗುವುದು ಅವನ ಕ್ಲಿಕ್‌ಗೆ. ಬೇಡದವನು ಕ್ಲಿಕ್ ಮಾಡದಂತೆ ತಡೆಯುವುದೂ ಆ ಮೊದಲ ತುಂಡಿನ ಕೆಲಸವೇ.

ಇನ್ನೊಂದು ತಾಪತ್ರಯ: ಕೆಲವು ಸೀರೆಗಳಿಗೆ Best Price, Free Shipping ಎಂದೂ ಸೇರಿಸಿದ್ದರು. ಇಂಥ ಪ್ರಚಾರದ ಮಾತು, ಪೂರ್ತಿ ದೊಡ್ಡಕ್ಷರದ ಬರಹ ಎರಡನ್ನೂ ಫೀಡ್ ಟೈಟಲ್‌ನಲ್ಲಿ ಗೂಗಲ್ ಒಪ್ಪುವುದಿಲ್ಲ. ಪುಟದ ಟೈಟಲ್‌ನಲ್ಲಿ ಅವನ್ನು ಯಾರೂ ಕೇಳುವುದಿಲ್ಲ, ಇಲ್ಲಿ ಮಾಲೇ ತಡೆಹಿಡಿಯಲ್ಪಡಬಹುದು. ಅವನ್ನೆಲ್ಲ ಮೊದಲು ತೆಗೆಸಿದೆ.

ಎಲ್ಲಿ ಬದಲಿಸುವುದು ಅನ್ನುವ ಪ್ರಶ್ನೆ

ಟೈಟಲ್ ಹೇಗಿರಬೇಕು ಅನ್ನುವ ಮಾತಿಗೆ ಮೊದಲು, ಎಲ್ಲಿ ಬದಲಿಸಬೇಕು ಅನ್ನುವುದೇ ಚರ್ಚೆಯಾಯಿತು. ಸುಲಭದ ದಾರಿ ಅಂದರೆ ಪುಟದ ಹೆಸರನ್ನೇ ಬದಲಿಸಿಬಿಡುವುದು. ಆಗ ಫೀಡ್ ತಾನಾಗಿ ಬದಲಾಗುತ್ತದೆ. ನಾಲ್ಕಾರು ಸೀರೆಗೆ ಹಾಗೆ ಮಾಡಿ ಮಾಲಕಿಗೆ ತೋರಿಸಿದೆವು. ಅವರಿಗೆ ಬೇಜಾರಾಯಿತು.

"ಮಲಪ್ರಭಾ ಅನ್ನೂದು ತಗದ್ರ ನಮ್ಮ ಸೀರಿಗೂ ಬ್ಯಾರೆ ಅಂಗಡಿ ಸೀರಿಗೂ ಏನ್ ಫರಕ್ ಉಳೀತ್ರೀ? ಹಳೇ ಗಿರಾಕಿಗೋಳು ಫೋನ್ ಮಾಡಿ ಹೆಸರ ಹಿಡದss ಕೇಳ್ತಾರ್ರೀ."

"ಅಕ್ಕಾರ, ಪುಟದಾಗ ಹೆಸರು ಹಂಗss ಇರ್ಲಿ. ಜಾಹೀರಾತಿಗೆ ಅಷ್ಟss ಬ್ಯಾರೆ ಕೊಡೋಣು," ಎಂದೆ.

ಅವರ ಮಾತು ಸರಿಯಾಗಿಯೇ ಇತ್ತು. ಹೆಸರು ಹಿಡಿದು ಕೇಳುವ ಗಿರಾಕಿ ಇದ್ದಾಗ ಆ ಹೆಸರನ್ನು ಪುಟದಿಂದ ಅಳಿಸುವುದು ನಷ್ಟ. ಹಾಗಾಗಿ ಪುಟ ಮುಟ್ಟದೆ ಪೂರಕ ಫೀಡ್ ಮಾಡಿದೆವು. ಮುಖ್ಯ ಫೀಡ್ ಆ್ಯಪ್‌ನಿಂದ ಬರುತ್ತದೆ. ಪೂರಕ ಫೀಡ್ ಒಂದು ಗೂಗಲ್ ಶೀಟ್, ಅದರಲ್ಲಿ ಟೈಟಲ್ ಬದಲಿಸಲು ಬೇಕಾದದ್ದು ಎರಡೇ ಅಂಕಣ, `id` ಮತ್ತು `title`. ಐಡಿ ಹೊಂದಿದ ಕಡೆ ಹಳೆಯ ಟೈಟಲ್ ಮೇಲೆ ಹೊಸದು ಕೂರುತ್ತದೆ. ಬೆಲೆ, ಸ್ಟಾಕ್ ಎಲ್ಲ ಮುಖ್ಯ ಫೀಡ್‌ನಿಂದಲೇ ಬರುತ್ತಿರುತ್ತದೆ. ಈಗಿನ ಮರ್ಚೆಂಟ್ ಸೆಂಟರ್‌ನಲ್ಲಿ ಈ ಆಯ್ಕೆ ಕಾಣಬೇಕಾದರೆ ಮೊದಲು ಆ್ಯಡ್‌-ಆನ್ ವಿಭಾಗದಲ್ಲಿ ಡೇಟಾ ಮೂಲಗಳ ಸುಧಾರಿತ ನಿರ್ವಹಣೆಯನ್ನು ಆನ್ ಮಾಡಬೇಕು. ಇದನ್ನು ಹುಡುಕಿ ಸೋತವರು ಬಹಳ ಜನ.

ಐಡಿಯನ್ನು ಮಾತ್ರ ಬದಲಿಸಬಾರದು. ಐಡಿ ಬದಲಾದರೆ ಗೂಗಲ್ ಅದನ್ನು ಹೊಸ ಮಾಲು ಎಂದೇ ತಿಳಿಯುತ್ತದೆ, ಹಳೆಯ ಇತಿಹಾಸ ಹೋಗುತ್ತದೆ. ಇಲ್ಲಿ ಒಂದು ಸಣ್ಣ ಎಡವಟ್ಟು ಕೂಡ ಸಿಕ್ಕಿತು. ಅಂಗಡಿಯ ಐಡಿಗಳು 00417 ಎಂಬಂತೆ ಸೊನ್ನೆಯಿಂದ ಶುರುವಾಗುತ್ತಿದ್ದವು. ಶೀಟ್‌ಗೆ ಅಂಟಿಸಿದ ಕೂಡಲೇ ಅದು 417 ಆಯಿತು. ಐಡಿ ಹೊಂದಲಿಲ್ಲ, ಆ ಸೀರೆಗಳ ಟೈಟಲ್ ಬದಲಾಗಲೇ ಇಲ್ಲ. ಅಂಟಿಸುವ ಮೊದಲೇ ಅಂಕಣವನ್ನು ಸಾದಾ ಪಠ್ಯ ಎಂದು ಗುರುತಿಸಿಟ್ಟರೆ ಸೊನ್ನೆ ಉಳಿಯುತ್ತದೆ. ಶೀಟ್‌ನಲ್ಲಿ ಸರಿ ಕಾಣುತ್ತಿದೆ ಎಂದು ಬಿಡಬೇಡಿ, ಮರ್ಚೆಂಟ್ ಸೆಂಟರ್‌ನಲ್ಲಿ ನಾಲ್ಕು ಸೀರೆಯನ್ನು ತೆರೆದು ಅಂತಿಮ ಟೈಟಲ್ ಯಾವುದಿದೆ ಎಂದು ಕಣ್ಣಾರೆ ನೋಡಿ.

ಯಾವುದು ಮೊದಲು, ಯಾವುದು ಆಮೇಲೆ

ಕ್ರಮದ ಬಗ್ಗೆ ನಾವು ಇಟ್ಟುಕೊಂಡ ಪ್ರಶ್ನೆ ಒಂದೇ. ಫೋಟೋ, ಬೆಲೆ ಮತ್ತು ಅಂಗಡಿಯ ಹೆಸರು ಹೇಳದೆ ಬಿಟ್ಟದ್ದು ಏನು? ಅದು ಮುಂದೆ ಬರಬೇಕು.

ಬ್ರ್ಯಾಂಡ್ ಮೊದಲು ಇರಬೇಕು ಎಂದು ಎಲ್ಲ ಕಡೆ ಹೇಳುತ್ತಾರೆ. ಫೋನ್‌ಗೋ ಶೂಗೋ ಅದು ಸರಿ, ಜನ ಬ್ರ್ಯಾಂಡ್ ಹಿಡಿದೇ ಹುಡುಕುತ್ತಾರೆ. ಈ ಅಂಗಡಿಯ ಹೆಸರನ್ನು ಹುಡುಕುವ ಹೊಸಬರು ಇಲ್ಲ. ಇಲ್ಲಿ ಬ್ರ್ಯಾಂಡ್‌ನ ಜಾಗದಲ್ಲಿ ನಿಲ್ಲುವುದು ಇಳಕಲ್ ಅನ್ನುವ ಹೆಸರೇ. ಅದೇ ಮೊದಲು ಬಂತು, ಅದರ ಹಿಂದೆಯೇ ಸೀರೆ.

ಮುಂದೆ ಬಣ್ಣವೋ ಬಟ್ಟೆಯೋ? ಜಾಹೀರಾತು ನೋಡಿಕೊಳ್ಳುತ್ತಿದ್ದ ಹುಡುಗ ಬಣ್ಣ ಅಂದ. ಬಣ್ಣದಿಂದ ಹುಡುಕುವವರು ಜಾಸ್ತಿ ಅನ್ನುವುದು ಅವನ ವಾದ. ನನ್ನ ವಾದ ಬೇರೆ. ಬಣ್ಣ ಫೋಟೋದಲ್ಲಿ ಕಾಣುತ್ತದೆ, `color` ಅಂಕಣದಲ್ಲೂ ಇದೆ. ಹತ್ತಿಯೋ ರೇಷ್ಮೆಯೋ ಅನ್ನುವುದು ಫೋಟೋದಲ್ಲಿ ಗೊತ್ತಾಗುವುದಿಲ್ಲ, ಬೆಲೆ ಸರಿಯೋ ತಪ್ಪೋ ಎಂದು ಗಿರಾಕಿ ಅಳೆಯುವುದು ಅದರಿಂದಲೇ. ಬಟ್ಟೆ ಮುಂದೆ ಬಂತು. ಬಣ್ಣ 70ರ ಒಳಗೆ ಇರಲೇಬೇಕು ಎಂದು ಮಾತ್ರ ಒಪ್ಪಿಕೊಂಡೆವು, ಯಾಕೆಂದರೆ ಒಂದೇ ಸೀರೆ ನಾಲ್ಕು ಬಣ್ಣದಲ್ಲಿದ್ದಾಗ ಬೇರ್ಪಡಿಸುವುದು ಅದೇ.

ಒಂದು ಪದ ತಂದ ಪೇಚು

ಬಟ್ಟೆಯ ಹೆಸರು ಬರೆಯುವಲ್ಲೇ ಈ ಪ್ರಕರಣದ ದೊಡ್ಡ ತಿರುವು ಬಂದದ್ದು. ಹುಡುಗ ಮೊದಲ ಕಂತಿನ ಟೈಟಲ್‌ಗಳನ್ನು `Ilkal Silk Saree` ಎಂದು ಶುರು ಮಾಡಿದ್ದ. ಜನ ಹಾಗೇ ಹುಡುಕುತ್ತಾರೆ ಅನ್ನುವುದು ನಿಜ. ಕ್ಲಿಕ್ ಏರಿತು. ಎಲ್ಲರಿಗೂ ಖುಷಿ.

ಆಮೇಲೆ ಫೋನ್ ಬರಲು ಶುರುವಾಯಿತು. "ರೇಷ್ಮಿ ಅಂದಿದ್ರಿ, ಇದು ಕಾಟನ್ ಐತಲ್ರೀ" ಎಂದು. ವಾಪಸಾತಿಯೂ ಬಂತು.

ಇಳಕಲ್ ಸೀರೆಯ ಕಟ್ಟುವಿಕೆ ಗೊತ್ತಿದ್ದವರಿಗೆ ಇದು ಯಾಕಾಯಿತು ಎಂದು ತಿಳಿಯುತ್ತದೆ. ಇಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಕುಣಿಕೆ ಹಾಕಿ ಒಂದೊಂದೇ ಎಳೆ ಸೇರಿಸುತ್ತಾರೆ, ಅದಕ್ಕೇ ತೋಪು ತೆನಿ ಅನ್ನುವುದು. ಹೀಗಾಗಿ ಒಡಲು ಹತ್ತಿಯದಿದ್ದು ಸೆರಗು, ದಡಿ ಮಾತ್ರ ರೇಷ್ಮೆಯದಿರಬಹುದು. ಅದು ಅಪ್ಪಟ ರೇಷ್ಮೆಯೂ ಆಗಿರಬಹುದು, ಚಮಕಾ ಎಂದು ಕರೆಯುವ ಆರ್ಟ್ ಸಿಲ್ಕ್, ಅಂದರೆ ಕೃತಕ ರೇಷ್ಮೆ ಕೂಡ ಆಗಿರಬಹುದು. ಈ ಅಂಗಡಿಯ ಹೆಚ್ಚಿನ ಮಾಲು ಹತ್ತಿಯ ಒಡಲು, ಆರ್ಟ್ ಸಿಲ್ಕ್ ಸೆರಗು. ಅಂಥದ್ದನ್ನು ಸಿಲ್ಕ್ ಸೀರೆ ಎಂದು ಕರೆದರೆ ಸುಳ್ಳೇ. ಪುಟದ ವಿವರದಲ್ಲಿ ಸರಿಯಾಗಿಯೇ ಬರೆದಿತ್ತು. ಆದರೆ ಟೈಟಲ್ ನೋಡಿ ಮನಸ್ಸು ಮಾಡಿ ಬಂದವರು ವಿವರ ಓದಲಿಲ್ಲ. ಪುಟ ಒಂದು ಹೇಳಿ ಫೀಡ್ ಇನ್ನೊಂದು ಹೇಳಿದರೆ ಗೂಗಲ್ ಕೂಡ ಸುಮ್ಮನಿರುವುದಿಲ್ಲ. ಟೈಟಲ್‌ನ ಪದಗಳು ಬೇರೆ ಇರಬಹುದು, ಹೇಳುವ ಮಾಲು ಪುಟದಲ್ಲಿರುವ ಮಾಲೇ ಆಗಿರಬೇಕು.

ಆಗ ಮಾಲಕಿ ಪ್ರತಿ ಸೀರೆಯ ಬಿಲ್ ತೆಗೆದು, ಸಂಶಯ ಇದ್ದಲ್ಲಿ ನೇಕಾರರಿಗೆ ಫೋನ್ ಮಾಡಿ, ಒಡಲು ಯಾವುದು, ಸೆರಗು ಯಾವುದು, ಕೈಮಗ್ಗವೋ ಅಲ್ಲವೋ ಎಂದು ಬರೆಸಿಕೊಟ್ಟರು. ಇಡೀ ಕೆಲಸದಲ್ಲಿ ಬೇಸರ ಹಿಡಿಸುವ ಭಾಗ ಇದೇ, ಬೆಲೆಬಾಳುವ ಭಾಗವೂ ಇದೇ. ಕೈಮಗ್ಗದ್ದು ಎಂದು ಖಚಿತವಾದ ಸೀರೆಗೆ ಮಾತ್ರ ಆ ಪದ ಹಾಕಿದೆವು. ಕೊನೆಗೆ ನಿಂತ ರೂಪ:

```
Ilkal Saree, Cotton with Art Silk Pallu, Chikki Paras Border, Maroon, Handloom, with Blouse Piece
```

ಒಟ್ಟು 97 ಅಕ್ಷರ. Maroon ಮುಗಿಯುವುದು 68ಕ್ಕೆ. ಅಂದರೆ ಮುಖ್ಯ ನಾಲ್ಕು ಸಂಗತಿಯೂ 70ರ ಒಳಗೆ. ಇನ್ನೂ ಮೊದಲೇ ಕತ್ತರಿಸಿದರೂ ಇಳಕಲ್, ಸೀರೆ, ಹತ್ತಿ ಇಷ್ಟು ಉಳಿಯುತ್ತದೆ.

ಆರ್ಟ್ ಸಿಲ್ಕ್ ಎಂದು ಬರೆದ ಮೇಲೆ ಆ ಸೀರೆಗಳಿಗೆ ಕ್ಲಿಕ್ ಕಡಿಮೆಯಾಯಿತು. ಹುಡುಗನಿಗೆ ದಿಗಿಲು. ಆರ್ಡರ್ ಮಾತ್ರ ಇಳಿಯಲಿಲ್ಲ, ದೂರಿನ ಫೋನ್ ನಿಂತಿತು. ಬರೀ ಕ್ಲಿಕ್ ದರವನ್ನೇ ನೋಡುತ್ತಿದ್ದರೆ ಹೊಸ ಟೈಟಲ್ ಕೆಟ್ಟದ್ದು ಎಂದು ತೀರ್ಮಾನಿಸಿ ಹಳೆಯದಕ್ಕೇ ಮರಳುತ್ತಿದ್ದರು.

ಒಂದೇ ಅಚ್ಚು ಎಲ್ಲದಕ್ಕೂ ಆಗಲಿಲ್ಲ

ಒಂಬತ್ತು ವಾರಿ ಸೀರೆಗಳಿಗೆ ಇದೇ ಕ್ರಮ ಹಾಕಿದರೆ ಬಣ್ಣ 70ರಿಂದ ಆಚೆ ಹೋಯಿತು. ಒಂಬತ್ತು ವಾರಿ ಹುಡುಕುವವರಿಗೆ ಉದ್ದವೇ ಮೊದಲ ಪ್ರಶ್ನೆ. ದಡಿಯ ಮಾದರಿ ಆಮೇಲೆ. ಹಾಗಾಗಿ ಅವುಗಳಿಗೆ ದಡಿಯನ್ನು ಹಿಂದೆ ತಳ್ಳಿದೆವು:

```
Ilkal Saree 9 Yards, Cotton with Art Silk Pallu, Maroon, Chikki Paras Border
```

ಈ ಸೀರೆಗಳಿಗೆ ಗಿರಾಕಿ ಹೆಚ್ಚಾಗಿ ಮಹಾರಾಷ್ಟ್ರದವರು. ಅಲ್ಲಿ ಇದನ್ನು ಇರ್ಕಲ್ ಎಂದು ಕರೆಯುತ್ತಾರೆ, ಹಾಗೇ ಬರೆದು ಹುಡುಕುತ್ತಾರೆ. ಎರಡೂ ಕಾಗುಣಿತ ಟೈಟಲ್‌ನಲ್ಲಿ ಬೇಕೇ ಎಂಬ ಪ್ರಶ್ನೆ ಬಂತು. ಊಹಿಸುವ ಬದಲು ಹುಡುಕಾಟದ ವರದಿ ನೋಡಿದೆವು. `irkal` ಎಂದು ಹುಡುಕಿದವರಿಗೂ `Ilkal` ಎಂದಷ್ಟೇ ಇದ್ದ ಸೀರೆಗಳು ಆಗಲೇ ತೋರುತ್ತಿದ್ದವು. ಟೈಟಲ್‌ನ ಜಾಗ ಖರ್ಚು ಮಾಡದೆ ವಿವರಣೆಯಲ್ಲಿ ಒಮ್ಮೆ ಬರೆದು ಬಿಟ್ಟೆವು. ವಿವರಣೆಗೆ 5000 ಅಕ್ಷರದ ಜಾಗ ಇದೆ, ಅಲ್ಲಿ ಜಿಪುಣತನ ಬೇಡ.

ಶೀಟ್‌ನಲ್ಲಿ ಟೈಟಲನ್ನು ಕೈಯಿಂದ ಟೈಪ್ ಮಾಡಲಿಲ್ಲ. ಒಂದೊಂದು ಗುಣಕ್ಕೂ ಒಂದು ಅಂಕಣ, ಅವನ್ನು ಸೇರಿಸುವ ಸೂತ್ರ, ತಪಾಸಣೆಗೆ ಇನ್ನು ಮೂರು ಸೂತ್ರ:

```
=TEXTJOIN(", ", TRUE, C2:H2)
=LEN(I2)
=LEFT(I2, 70)
=COUNTIF(K:K, K2)
```

TRUE ಎಂದು ಕೊಟ್ಟರೆ ಖಾಲಿ ಅಂಕಣ ಬಿಟ್ಟು ಹೋಗುತ್ತದೆ. ಇಲ್ಲದಿದ್ದರೆ ರವಿಕೆ ಪೀಸ್ ಇಲ್ಲದ ಸೀರೆಯ ಕೊನೆಗೆ ಒಂಟಿ ಅಲ್ಪವಿರಾಮ ನೇತಾಡುತ್ತದೆ. I ಅಂಕಣದಲ್ಲಿರುವುದು ಸೇರಿಸಿದ ಟೈಟಲ್, K ಅಂಕಣದಲ್ಲಿರುವುದು ಅದರ ಮೊದಲ 70 ಅಕ್ಷರ. ಕೊನೆಯ ಸೂತ್ರ ಒಂದಕ್ಕಿಂತ ಜಾಸ್ತಿ ತೋರಿಸಿದರೆ ಎರಡು ಸೀರೆ ಪರದೆಯ ಮೇಲೆ ಒಂದೇ ಹೆಸರಿನಲ್ಲಿ ಕಾಣುತ್ತಿವೆ ಎಂದರ್ಥ. ಹಾಗೆ ಸಿಕ್ಕ ಜೋಡಿಗಳಲ್ಲಿ ಹೆಚ್ಚಿನವು ಬಣ್ಣದ ಹೆಸರಿನ ಸೋಮಾರಿತನ. ಕಡುನೀಲಿ, ತಿಳಿನೀಲಿ ಎರಡಕ್ಕೂ Blue ಎಂದೇ ಬರೆದಿತ್ತು.

ಬಣ್ಣ ಸರಿಪಡಿಸುವಾಗ ಇನ್ನೊಂದು ಕಂಡಿತು. ಜಾಹೀರಾತಿನಲ್ಲಿ Maroon ಎಂದು ಕ್ಲಿಕ್ ಮಾಡಿದರೆ ಪುಟ ಹಸಿರು ಸೀರೆಯೊಂದಿಗೆ ತೆರೆಯುತ್ತಿತ್ತು. ಒಂದೇ ಪುಟದಲ್ಲಿ ನಾಲ್ಕು ಬಣ್ಣ ಇದ್ದು, ಲಿಂಕ್ ಮಾತ್ರ ನಾಲ್ಕಕ್ಕೂ ಒಂದೇ ಇತ್ತು. ಹಳೆಯ ಟೈಟಲ್‌ನಲ್ಲಿ ಬಣ್ಣವೇ ಇರಲಿಲ್ಲವಾದ್ದರಿಂದ ಇದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಆಯಾ ಬಣ್ಣ ಆಯ್ಕೆಯಾಗಿಯೇ ತೆರೆಯುವ ಲಿಂಕ್ ಕೊಟ್ಟು, ಇವು ಒಂದೇ ಸೀರೆಯ ಬಣ್ಣಗಳು ಎಂದು ಗೂಗಲ್‌ಗೆ ತಿಳಿಯಲು ನಾಲ್ಕಕ್ಕೂ `item_group_id` ಒಂದೇ ಇಟ್ಟೆವು.

ಫಲ ಏನಾಯಿತು, ಹೇಗೆ ಗೊತ್ತಾಯಿತು

ಎಲ್ಲ ಸೀರೆಯನ್ನೂ ಒಟ್ಟಿಗೆ ಬದಲಿಸಲಿಲ್ಲ. ದಸರೆ, ದೀಪಾವಳಿ ಹತ್ತಿರ ಬಂದಾಗ ಸೀರೆಯ ಹುಡುಕಾಟ ತಾನಾಗಿಯೇ ಏರುತ್ತದೆ. ಹಿಂದಿನ ತಿಂಗಳಿಗೂ ಈ ತಿಂಗಳಿಗೂ ಹೋಲಿಸಿದರೆ ಹಬ್ಬದ ಲಾಭವನ್ನು ಟೈಟಲ್‌ನ ಲೆಕ್ಕಕ್ಕೆ ಬರೆದಂತಾಗುತ್ತದೆ. ಅದಕ್ಕೆ ಬೆಲೆಯಲ್ಲಿ, ಬಟ್ಟೆಯಲ್ಲಿ ಒಂದಕ್ಕೊಂದು ಹೊಂದುವ ಎರಡು ಗುಂಪು ಮಾಡಿ, `custom_label_0`ನಲ್ಲಿ ಒಂದಕ್ಕೆ ಹೊಸದು, ಇನ್ನೊಂದಕ್ಕೆ ಹಳೆಯದು ಎಂದು ಗುರುತು ಹಾಕಿ, ಅದೇ ವಾರಗಳಲ್ಲಿ ಎರಡನ್ನೂ ನೋಡಿದೆವು. ಬಜೆಟ್, ಬಿಡ್, ಬೆಲೆ ಯಾವುದನ್ನೂ ಆ ಹೊತ್ತಿನಲ್ಲಿ ಮುಟ್ಟಲಿಲ್ಲ.

ಮೊದಲು ಬದಲಾದದ್ದು ಹುಡುಕಾಟದ ಪದಗಳು. ಹೊಸ ಗುಂಪಿನಲ್ಲಿ "ಇಳಕಲ್ ಕಾಟನ್ ಸೀರೆ", "ಇರ್ಕಲ್ ಒಂಬತ್ತು ವಾರಿ" ತರಹದ ಪದಗಳು ಮೇಲೆ ಬಂದವು. ಹಳೆಯ ಗುಂಪು ಅದೇ ಸಾಮಾನ್ಯ ಪದಗಳಲ್ಲೇ ಉಳಿಯಿತು. ಆರ್ಡರ್‌ನ ವ್ಯತ್ಯಾಸ ಕಾಣಲು ಇನ್ನೂ ಹೆಚ್ಚು ವಾರ ಬೇಕಾಯಿತು. ಸಣ್ಣ ಅಂಗಡಿಗೆ ವಾರಕ್ಕೆ ಬರುವ ಆರ್ಡರ್ ಬೆರಳೆಣಿಕೆ, ಎರಡು ಹೆಚ್ಚು ಕಡಿಮೆ ಆದರೆ ಏನೂ ಹೇಳಲಾಗುವುದಿಲ್ಲ. ಹೊಸ ಗುಂಪಿನ ಆರ್ಡರ್ ಮುಂದೆ ಹೋದದ್ದು ಸ್ಪಷ್ಟವಾದ ಮೇಲೆ ಉಳಿದವನ್ನೂ ಬದಲಿಸಿದೆವು.

ಅಪ್ಪಟ ರೇಷ್ಮೆಯ ದುಬಾರಿ ಸೀರೆಗಳಿಗೆ ಮಾತ್ರ ಏನೂ ಆಗಲಿಲ್ಲ. ಟೈಟಲ್ ಸರಿಯಾಯಿತು, ಸರಿಯಾದವರೇ ಬಂದರು, ಆದರೂ ಕೊಳ್ಳಲಿಲ್ಲ. ಅಷ್ಟು ಬೆಲೆಗೆ ಸೆರಗಿನ ಹತ್ತಿರದ ಫೋಟೋ, ನೇಯ್ಗೆಯ ವಿಡಿಯೋ ಬೇಕಿತ್ತು. ಅದು ಪುಟದ ಕೆಲಸ.

ನದಿಯ ಹೆಸರುಗಳಿಗೂ ಒಂದು ಜಾಗ ಸಿಕ್ಕಿತು. ಇನ್‌ಸ್ಟಾಗ್ರಾಮ್ ಕ್ಯಾಟಲಾಗ್‌ಗೆ ಅದೇ ಶೀಟ್‌ನಿಂದ ಬೇರೆ ಅಂಕಣ ಕಳಿಸಿದೆವು, ಅಲ್ಲಿ ಟೈಟಲ್ `Malaprabha, Maroon Ilkal Cotton Saree`. ಅಲ್ಲಿ ಯಾರೂ ಏನನ್ನೂ ಹುಡುಕಿಕೊಂಡು ಬಂದಿರುವುದಿಲ್ಲ, ಸುಮ್ನೆ ಸರಿಸುತ್ತಾ ಹೋಗುವಾಗ ಕಣ್ಣು ನಿಲ್ಲಬೇಕು. ಅಂಥ ಕಡೆ ಹೆಸರು ಮೊದಲಿರಲಿ ಎಂದು ಮಾಲಕಿ ಹಟ ಹಿಡಿದರು, ನಾನೂ ಒಪ್ಪಿದೆ.

ಈಗ ಉಳಿದಿರುವ ತಲೆನೋವು ಹೊಸ ಮಾಲು. ಸೀರೆ ವೆಬ್‌ಸೈಟಿಗೆ ಹತ್ತಿದ ದಿನವೇ ಆ್ಯಪ್ ಅದನ್ನು ಫೀಡ್‌ಗೆ ಕಳಿಸಿಬಿಡುತ್ತದೆ. ಶೀಟ್‌ನಲ್ಲಿ ಅದರ ಸಾಲು ಇಲ್ಲದಿದ್ದರೆ ಪುಟದ ಟೈಟಲ್ಲೇ ಜಾಹೀರಾತಾಗಿ ಓಡುತ್ತದೆ, ಯಾವ ಎಚ್ಚರಿಕೆಯೂ ಬರುವುದಿಲ್ಲ. ಅದಕ್ಕೆ ಮಾಲಕಿಯ ತಂಗಿ ಪ್ರತಿ ಸೋಮವಾರ ಮರ್ಚೆಂಟ್ ಸೆಂಟರ್‌ನಿಂದ ಪಟ್ಟಿ ಇಳಿಸಿಕೊಂಡು, ಟೈಟಲ್ `Ilkal`ನಿಂದ ಶುರುವಾಗದ ಸಾಲುಗಳನ್ನು ಬೇರೆ ಮಾಡಿ, ಆ ಸೀರೆಗಳ ಒಡಲು ಮತ್ತು ಸೆರಗಿನ ವಿವರವನ್ನು ಬಿಲ್ ನೋಡಿ ಶೀಟ್‌ಗೆ ತುಂಬುತ್ತಾರೆ.